ಆಯಿಯ ಹುಟ್ಟುಹಬ್ಬದ ವಿಡಿಯೊಗೆ 27 ತುಣುಕುಗಳು ಬಂದಿವೆ, ಎಲ್ಲರೂ ಒಂದೇ ಮಾತು ಹೇಳಿದ್ದಾರೆ

ಬ್ರಹ್ಮಪುರ ಗಲ್ಲಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿ ಎರಡು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿದ್ದಾಳೆ. ಪಾಸ್‌ಪೋರ್ಟಿನ ಪ್ರಕಾರ ಬರುವ ಜೂನ್ 1ಕ್ಕೆ ಅವಳಿಗೆ 80 ತುಂಬುತ್ತದೆ. ನಿಜವಾದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ. ರಜಾಕಾರರ ಗದ್ದಲದಲ್ಲಿ ಅವಳು ಸೊಂಟದ ಮೇಲಿನ ಕೂಸಾಗಿದ್ದಳು ಎಂಬುದಷ್ಟೇ ಮನೆಯವರ ಲೆಕ್ಕ. ಜೂನ್ 1 ಎಂಬುದು ನಮ್ಮ ಕಡೆಯ ಎಷ್ಟೋ ಹಿರಿಯರ ಹಾಗೆ ಸಾಲಿಯ ಮಾಸ್ತರರು ಬರೆದುಕೊಂಡ ದಿನ. ಇರಲಿ, ಹಬ್ಬ ಅಂದೇ ಮಾಡುತ್ತೇವೆ.

ಬಂಧುಗಳೆಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಚಿಕ್ಕದೊಂದು ತುಣುಕು ಮಾಡಿ ಕಳುಹಿಸಲಿ, ನಾನು ಅವನ್ನು ಜೋಡಿಸುತ್ತೇನೆ ಎಂದು ಕುಟುಂಬದ ಗುಂಪಿನಲ್ಲಿ ಬರೆದೆ. 27 ಜನ ಕಳುಹಿಸಿದರು. ಕುಳಿತು ನೋಡಿದರೆ 24 ಜನ ಹೇಳಿದ್ದು ಹೆಚ್ಚು ಕಡಿಮೆ ಅದೇ ವಾಕ್ಯ: "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು, ದೇವರು ನಿಮಗೆ ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ." ನಮ್ಮ ದೊಡ್ಡಪ್ಪನವರು ಮಾತ್ರ ಅದೇ ವಾಕ್ಯವನ್ನು 3 ನಿಮಿಷ 40 ಸೆಕೆಂಡುಗಳಲ್ಲಿ ಹೇಳಿದ್ದಾರೆ. ಎಲ್ಲವನ್ನೂ ಸೇರಿಸಿದರೆ 19 ನಿಮಿಷವಾಗುತ್ತದೆ.

ಕಳೆದ ವರ್ಷವೂ ಒಂದು ವಿಡಿಯೊ ಕಳುಹಿಸಿದ್ದೆವು, ಹಿಂದೆ ಹಾಡು ಹಾಕಿ, ಹೂವು ಉದುರಿಸಿ. ಆಯಿ ಅದನ್ನು ನೋಡಿ ಮೊಬೈಲನ್ನು ಅತ್ತೆಯ ಕೈಗೆ ತಿರುಗಿ ಕೊಟ್ಟು, "ಎಲ್ಲಾರೂ ಬಾಯಿ ಆಡಸ್ತಾರ, ಏನಂತಾರ ತಿಳಿವಲ್ದು" ಎಂದಳಂತೆ. ಈ ಸಲ ಹಾಗಾಗಬಾರದು. ಆದ್ದರಿಂದ ಮೊದಲೇ ಒಂದು ಸ್ಕ್ರಿಪ್ಟ್ ಬರೆದು, ಯಾರು ಏನು ಹೇಳಬೇಕು ಎಂದು ಹಂಚಿ, ಮತ್ತೆ ತುಣುಕುಗಳನ್ನು ಕೇಳಬೇಕೆಂದಿದ್ದೇನೆ. ಇಂಥದ್ದನ್ನು ಬರೆದ ಅನುಭವ ಯಾರಿಗಾದರೂ ಇದ್ದರೆ ತಿಳಿಸಿ.

ಚಿತ್ತಾಪುರ ಚಹಾ

ದೊಡ್ಡಪ್ಪನವರ ತುಣುಕನ್ನು ಹಾಗೆಯೇ ಇಡಿ; ಆಯಿಗೆ ಅದೊಂದೇ ಸಂಪೂರ್ಣವಾಗಿ ಕೇಳಿಸೀತು.

ಪುಣೆಯಲ್ಲಿರುವ ಬಸವಕಲ್ಯಾಣದವ

ಇಷ್ಟೆಲ್ಲ ತೊಂದರೆ ಏಕೆ ತೆಗೆದುಕೊಳ್ಳುತ್ತೀರಿ? ಎಲ್ಲರೂ ಒಂದೇ ಹೊತ್ತಿಗೆ ವಿಡಿಯೊ ಕರೆಯಲ್ಲಿ ಸೇರಿದರೆ ಮುಗಿಯಿತು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ, ಸರಿಯಾಗಿ 12 ತಾಸಿನ ಅಂತರವಿದೆ, ಲೆಕ್ಕವೂ ಸುಲಭ.

ಬ್ರಹ್ಮಪುರ ಗಲ್ಲಿ, ಕಲಬುರಗಿ

ಅಣ್ಣಾವರೇ, ನಾನು ಕೇಳಿದ್ದು ಕರೆಯ ಬಗ್ಗೆ ಅಲ್ಲ. ದೀಪಾವಳಿಗೆ ಅದನ್ನೂ ಮಾಡಿ ನೋಡಿದೆವು. 14 ಮನೆಗಳವರು ಒಟ್ಟಿಗೆ "ಆಯಿ, ಆಯಿ" ಎಂದು ಕೂಗಿದರು, ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಕರೆ ಕಡಿದುಹೋಯಿತು. ವಿಡಿಯೊ ಆದರೆ ಅವಳು ಹತ್ತು ಸಲ ನೋಡಬಹುದು. ಅಂತರವೂ 12 ತಾಸಲ್ಲ. ಜೂನ್‌ನಲ್ಲಿ ಅಲ್ಲಿ ಬೇಸಿಗೆಯ ಗಡಿಯಾರ ನಡೆಯುವುದರಿಂದ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ. ಅವಳ ಬೆಳಗಿನ 9 ಗಂಟೆಗೆ ನಮ್ಮಲ್ಲಿ ಸಂಜೆ ಆರೂವರೆಯಾಗಿರುತ್ತದೆ.

ನಿವೃತ್ತ ಮೇಷ್ಟ್ರು, ಶಹಾಪುರ

ತಮ್ಮ ಆಯಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. 80 ತುಂಬುವುದೆಂದರೆ ಸಾವಿರ ಹುಣ್ಣಿಮೆಗಳನ್ನು ಕಂಡಂತೆ. ಆದ್ದರಿಂದ ವಿಡಿಯೊ "ಸಹಸ್ರ ಚಂದ್ರ ದರ್ಶನ" ಎಂಬ ಶೀರ್ಷಿಕೆಯಿಂದ ಆರಂಭವಾಗಲಿ. ಪ್ರತಿಯೊಬ್ಬರಿಗೂ ಶುದ್ಧ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟು ಕಂಠಪಾಠ ಮಾಡಿಸಿ. ನಾನು ಸಾಲಿಯ ವಾರ್ಷಿಕೋತ್ಸವಗಳಿಗೆ ಇಂಥವನ್ನು ಎಷ್ಟೋ ಬರೆದಿದ್ದೇನೆ. ಬೇಕಾದರೆ ಬರೆದುಕೊಡುತ್ತೇನೆ.

ತೊಗರಿ ಕಣಜ, ಆಳಂದ

ಗುರುಗಳೇ, ಲೆಕ್ಕ ಸ್ವಲ್ಪ ತಪ್ಪಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಹಿಡಿದರೆ, ಸಾವಿರನೆಯದು ಬರುವುದು 80 ವರ್ಷ 10 ತಿಂಗಳ ಹೊತ್ತಿಗೆ. 80 ತುಂಬುವ ದಿನಕ್ಕೆ ಇನ್ನೂ ಹತ್ತು ಹುಣ್ಣಿಮೆ ಬಾಕಿ ಇರುತ್ತದೆ. ಶೀರ್ಷಿಕೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

ವಿಡಿಯೊ ಬಗ್ಗೆ ನನ್ನದೊಂದು ಮಾತು. ಮುಖ್ಯ ತೊಂದರೆ ಸ್ಕ್ರಿಪ್ಟಿನಲ್ಲಿ ಇಲ್ಲ, ಚಿತ್ರದ ಗುಣಮಟ್ಟದಲ್ಲಿದೆ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಎಚ್.ಡಿ. ಆಯ್ಕೆ ಒತ್ತಿ ಕಳುಹಿಸಲು ಎಲ್ಲರಿಗೂ ಹೇಳಿ, ಮೂಲ ಚಿತ್ರ ಹೇಗಿದೆಯೋ ಹಾಗೆಯೇ ಬರುತ್ತದೆ. ಆಮೇಲೆ ಆಯಿಗೆ ಎಲ್ಲವೂ ಸ್ಪಷ್ಟವಾಗಿ ತಿಳಿಯುತ್ತದೆ.

ಮದುವೆ ಕ್ಯಾಮೆರಾ, ಹುಮನಾಬಾದ್

ಎಚ್.ಡಿ. ಒತ್ತಿದರೂ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿಯೇ ಕಳುಹಿಸುತ್ತದೆ, ಕುಗ್ಗಿಸುವುದು ಸ್ವಲ್ಪ ಕಡಿಮೆ ಅಷ್ಟೇ. ಮೂಲ ಕಡತವೇ ಬೇಕೆಂದರೆ ಡಾಕ್ಯುಮೆಂಟ್ ಎಂದು ಆರಿಸಿಕೊಂಡು ಕಳುಹಿಸಬೇಕು. ಆದರೆ ಅದು ಕೊನೆಯ ಮಾತು. ನಾನು ಹದಿನೈದು ವರ್ಷಗಳಿಂದ ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳ ವಿಡಿಯೊ ಮಾಡುತ್ತಿದ್ದೇನೆ. ಕರೋನಾ ವರ್ಷಗಳಿಂದ ಈಚೆಗೆ ಇಂಥ ಶುಭಾಶಯದ ವಿಡಿಯೊಗಳೇ ಹೆಚ್ಚಾಗಿವೆ. ಮಂಜಾದ ಚಿತ್ರವನ್ನು ಅಜ್ಜಿಯರು ಕ್ಷಮಿಸುತ್ತಾರೆ. ಮಾತು ತಿಳಿಯದಿದ್ದರೆ ಮೊಬೈಲನ್ನು ತಿರುಗಿ ಕೊಟ್ಟುಬಿಡುತ್ತಾರೆ, ನಿಮ್ಮ ಆಯಿ ಮಾಡಿದ್ದೂ ಅದನ್ನೇ.

ಸ್ಕ್ರಿಪ್ಟ್ ಎಂದರೆ ಎಲ್ಲರಿಗೂ ಸಾಲು ಬರೆದುಕೊಡುವುದು ಎಂದು ನೀವು ತಿಳಿದಿದ್ದೀರಿ, ಮೇಷ್ಟ್ರೂ ಅದನ್ನೇ ಹೇಳುತ್ತಿದ್ದಾರೆ. ಅಲ್ಲಿಯೇ ಕೆಡುವುದು. ಕ್ಯಾಮೆರಾದವನಲ್ಲದ ಮನುಷ್ಯನಿಗೆ ಬರೆದ ಸಾಲು ಕೊಟ್ಟರೆ ಅವನ ಕಣ್ಣು ಲೆನ್ಸಿನ ಮೇಲೆ ಇರುವುದಿಲ್ಲ, ಲೆನ್ಸಿನ ಪಕ್ಕದಲ್ಲಿ ಹಿಡಿದ ಚೀಟಿಯ ಮೇಲೆ ಇರುತ್ತದೆ. ದನಿ ಸಾಲಿಯ ಪ್ರಾರ್ಥನೆಯ ದನಿಯಾಗುತ್ತದೆ. ಏನೂ ಕೊಡದೆ "ಆಯಿಗೆ ವಿಶ್ ಮಾಡಿ" ಎಂದರೆ 24 ಜನ ಐಶ್ವರ್ಯವನ್ನೇ ಹಾರೈಸುತ್ತಾರೆ, ಏಕೆಂದರೆ ಹಾಗೆ ಕೇಳಿದರೆ ಬಾಯಿಗೆ ಬರುವ ಮೊದಲ ಮಾತು ಅದೇ. ಅವರ ತಪ್ಪಲ್ಲ.

ನಾನು ಮಾಡುವುದು ಹೀಗೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆಯೊಂದನ್ನು ಖಾಸಗಿಯಾಗಿ ಕಳುಹಿಸುತ್ತೇನೆ, ಗುಂಪಿನಲ್ಲಿ ಹಾಕುವುದಿಲ್ಲ. ಗುಂಪಿನಲ್ಲಿ ಹಾಕಿದರೆ ಮೊದಲು ಕಳುಹಿಸಿದವರ ಮಾತನ್ನೇ ಉಳಿದವರು ತಿರುಗಿಸಿ ಹೇಳುತ್ತಾರೆ. ಪ್ರಶ್ನೆ ವಸ್ತುವಿನ ಮೇಲೆ, ಜಾಗದ ಮೇಲೆ ಇರಬೇಕು. ಆಯಿಯ ಮನೆಯ ಯಾವ ಸಾಮಾನು ಈಗ ನಿಮ್ಮ ಹತ್ತಿರ ಇದೆ, ಕೈಯಲ್ಲಿ ಹಿಡಿದು ತೋರಿಸಿ. ಆಯಿ ನಿಮಗೆ ಬೈದದ್ದು ಯಾವ ಕಾರಣಕ್ಕೆ. ಆಯಿ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಈಗ ಯಾರು ಕುಳಿತುಕೊಳ್ಳುತ್ತಾರೆ. ಉತ್ತರ ಅವರ ಮಾತಿನಲ್ಲೇ ಬರಲಿ. ಸಾಲು ಬೇಡವೆಂದರೂ ಆರಂಭ ಮಾತ್ರ ಎಲ್ಲರಿಗೂ ಒಂದೇ ಇರಬೇಕು, ತಾನು ಯಾರು ಎನ್ನುವುದು. ಎರಡು ವರ್ಷದಲ್ಲಿ ಮೊಮ್ಮಕ್ಕಳಿಗೆ ಮೀಸೆ ಬಂದಿರುತ್ತದೆ.

ನಿಮ್ಮ ದೊಡ್ಡಪ್ಪನವರು ಏನು ಹೇಳಿದ್ದಾರೆ, ಸ್ವಲ್ಪ ಇಲ್ಲಿ ಬರೆಯಿರಿ. ತಿದ್ದಿ ತೋರಿಸುತ್ತೇನೆ.

ಬ್ರಹ್ಮಪುರ ಗಲ್ಲಿ, ಕಲಬುರಗಿ

"ಪೂಜ್ಯ ಮಾತೃಶ್ರೀಯವರಿಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು" ಎಂದು ಆರಂಭಿಸಿ, ತಾಯಿಯ ಋಣದ ಬಗ್ಗೆ ಎರಡು ನಿಮಿಷ ಮಾತನಾಡಿ, ಊರಿನಲ್ಲಿ ಮಳೆಯ ಪರಿಸ್ಥಿತಿಯನ್ನು ತಿಳಿಸಿ, ನಡುವೆ ಯಾರಿಗೋ ಕೂಲರ್ ಬಂದ್ ಮಾಡಲು ಹೇಳಿ, ಐಶ್ವರ್ಯದೊಂದಿಗೆ ಮುಗಿಸಿದ್ದಾರೆ. ಕೊನೆಯಲ್ಲಿ ಒಂದು ಮಾತು ಮಾತ್ರ ಬೇರೆ ಇದೆ. ಹಿತ್ತಲಿನ ನಿಂಬೆ ಗಿಡ ಚೆನ್ನಾಗಿದೆ, ಚಿಂತೆ ಮಾಡಬೇಡಿ ಎಂದಿದ್ದಾರೆ. ಆ ಗಿಡ ಆಯಿ ಹಚ್ಚಿದ್ದು.

ಮದುವೆ ಕ್ಯಾಮೆರಾ, ಹುಮನಾಬಾದ್

ನೋಡಿ, 3 ನಿಮಿಷ 40 ಸೆಕೆಂಡಿನಲ್ಲಿ ಬೇಕಾದದ್ದು ನಿಂಬೆ ಗಿಡ ಒಂದೇ. ಅವರಿಗೆ ಹೀಗೆ ಬರೆಯಿರಿ: "ದೊಡ್ಡಪ್ಪ, ಬೆಳಿಗ್ಗೆ ಆರೂವರೆಗೆ ಹಿತ್ತಲಿಗೆ ಹೋಗಿ, ನಿಂಬೆ ಗಿಡದ ಹತ್ತಿರ ನಿಂತು, ಒಂದು ಕಾಯಿ ಕೈಯಲ್ಲಿ ಹಿಡಿದು, ಗಿಡ ಹೇಗಿದೆ ಎಂದು ಆಯಿಗೆ ಹೇಳಿ. ಮನೆಯಲ್ಲಿ ಹೇಗೆ ಮಾತನಾಡುತ್ತೀರೋ ಹಾಗೆಯೇ." ಆಗ ಬರುವುದು ಸುಮಾರಾಗಿ ಹೀಗಿರುತ್ತದೆ:

"ಅವ್ವಾ, ನಾ ನಿನ್ನ ಹಿರಿ ಮಗ. ನೀ ಹೋದಾಗಿಂದ ಹಿತ್ತಲದಾಗಿನ ನಿಂಬಿ ಗಿಡಕ್ಕ ನಾನೇ ನೀರ ಹಾಕ್ತೀನಿ. ಈ ಸಲ ನೋಡು, ಇಷ್ಟು ಕಾಯಿ ಬಿಟ್ಟಾದ. ಉಪ್ಪಿನಕಾಯಿಗಿ ಎಷ್ಟು ಉಪ್ಪು ಹಾಕಬೇಕು, ಫೋನ್ ಮಾಡಿ ಹೇಳು."

ಇದು 26 ಪದ. ಸಾವಕಾಶವಾಗಿ ಓದಿ ಗಡಿಯಾರ ನೋಡಿ, 15 ರಿಂದ 18 ಸೆಕೆಂಡಿನಲ್ಲಿ ಮುಗಿಯುತ್ತದೆ. ಕೊನೆಯ ಪ್ರಶ್ನೆಯನ್ನು ಬೇಕೆಂದೇ ಇಟ್ಟಿದ್ದೇನೆ, ವಿಡಿಯೊ ಮುಗಿದ ಮೇಲೆ ಅವರಿಗೆ ಫೋನ್ ಮಾಡಲು ಒಂದು ಕಾರಣ ಸಿಗುತ್ತದೆ. ಹಾಗೆಂದು 27 ಜನವೂ ಪ್ರಶ್ನೆ ಕೇಳಿದರೆ ಅದು ಪರೀಕ್ಷೆಯಾಗುತ್ತದೆ, ಇಡೀ ವಿಡಿಯೊದಲ್ಲಿ ಮೂರು ಸಾಕು.

ನಿವೃತ್ತ ಮೇಷ್ಟ್ರು, ಶಹಾಪುರ

ಹುಣ್ಣಿಮೆಯ ಲೆಕ್ಕವನ್ನು ಒಪ್ಪುತ್ತೇನೆ. ಆದರೆ "ನಿಂಬಿ ಗಿಡಕ್ಕ", "ಬಿಟ್ಟಾದ" ಎಂಬ ಭಾಷೆಯನ್ನು ವಿಡಿಯೊದಲ್ಲಿ ಹಾಕಬೇಕೆ? ಅಮೆರಿಕದಲ್ಲಿ ಅವರ ಜೊತೆ ಕುಳಿತು ನಾಲ್ಕು ಜನ ಬೇರೆ ಊರಿನ ಕನ್ನಡಿಗರು ನೋಡುತ್ತಾರೆ. ನಮ್ಮ ಭಾಗದವರಿಗೆ ಸರಿಯಾದ ಕನ್ನಡವೇ ಬರುವುದಿಲ್ಲ ಎಂದುಕೊಳ್ಳುತ್ತಾರೆ.

ಸೇಡಂ ಸೊಸೆ

ಮೇಷ್ಟ್ರೇ, ವಿಡಿಯೊ ಆ ನಾಲ್ಕು ಜನಕ್ಕಲ್ಲ, ಆಯಿಗೆ. ನಮ್ಮ ಅತ್ತೆಯವರು ಮಸ್ಕತ್‌ನಲ್ಲಿದ್ದಾಗ ನನ್ನ ಮಗನಿಗೆ ಪುಸ್ತಕದ ಸಾಲು ಕಲಿಸಿ ಹೇಳಿಸಿದ್ದೆ. ಅವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಯಾಕ, ಹುಡುಗ ಮುನಿಸಿಕೊಂಡಾನೇನು? ನೀವು ನೀವು ಅಂತಾನಲ್ಲ?" ಎಂಬುದು. ಆಯಿಯನ್ನು ಹುಟ್ಟಿದಾಗಿನಿಂದ ನೀನು ಎಂದು ಕರೆದವನು ಏಕಾಏಕಿ ನೀವು ಎಂದರೆ ಅವರಿಗೆ ಅದು ಗೌರವವಾಗಿ ಕೇಳಿಸುವುದಿಲ್ಲ.

ನಿವೃತ್ತ ಮೇಷ್ಟ್ರು, ಶಹಾಪುರ

ಇದು ಒಪ್ಪತಕ್ಕ ಮಾತು. ಪರದೆಯ ಮೇಲೆ ಬರುವ ಅಕ್ಷರಗಳಾದರೂ ಕಾಗುಣಿತ ತಪ್ಪಿಲ್ಲದೆ ಇರಲಿ.

ಕಿವಿಯ ಮಾತು, ಬೀದರ್

ನಾನು ಶ್ರವಣ ಸಾಧನಗಳನ್ನು ಹೊಂದಿಸುವ ಕೆಲಸದಲ್ಲಿದ್ದೇನೆ. ಆಯಿ ಹೇಳಿದ ಆ ಮಾತು, "ಬಾಯಿ ಆಡಸ್ತಾರ, ಏನಂತಾರ ತಿಳಿವಲ್ದು" ಎಂಬುದು, ನಾನು ದಿನಕ್ಕೆ ಎರಡು ಮೂರು ಸಲ ಕೇಳುವ ಮಾತು. ವಯಸ್ಸಾದಂತೆ ಮೊದಲು ಹೋಗುವುದು ತೆಳುವಾದ, ಎತ್ತರದ ಸದ್ದುಗಳು. ಸ, ಶ, ತ, ಕ ಇಂಥವು ಸವೆಯುತ್ತವೆ, ಆ, ಓ, ಊ ಉಳಿಯುತ್ತವೆ. ಯಾರೋ ಮಾತನಾಡುತ್ತಿದ್ದಾರೆ ಎಂಬುದು ಚೆನ್ನಾಗಿ ಕೇಳುತ್ತದೆ, ಏನು ಎಂಬುದು ಮಾತ್ರ ತಿಳಿಯುವುದಿಲ್ಲ. ಧ್ವನಿಯನ್ನು ಹೆಚ್ಚಿಸಿದರೆ ಉಳಿದ ಸದ್ದೇ ಇನ್ನೂ ದೊಡ್ಡದಾಗುತ್ತದೆ, ಹೋದದ್ದು ಬರುವುದಿಲ್ಲ. ಹಿಂದೆ ಹಾಡು ಹಾಕಿದರೆ ಉಳಿದಿರುವುದೂ ಮುಚ್ಚಿಹೋಗುತ್ತದೆ. ಆದ್ದರಿಂದ ಕಳೆದ ವರ್ಷ ಕೆಟ್ಟದ್ದು ಹಾಡಿನಿಂದ ಎಂದು ನನಗೆ ಹೆಚ್ಚು ಕಡಿಮೆ ಖಚಿತವಾಗಿದೆ.

ಕೂಗಿ ಮಾತನಾಡಲು ಯಾರಿಗೂ ಹೇಳಬೇಡಿ, ಸಾವಕಾಶವಾಗಿ ಮಾತನಾಡಲು ಹೇಳಿ. ಮುಖದ ಮೇಲೆ ಬೆಳಕಿರಲಿ, ಏಕೆಂದರೆ ಇಂಥವರು ತಮಗೆ ತಿಳಿಯದಂತೆಯೇ ತುಟಿಯನ್ನು ನೋಡಿ ಅರ್ಧ ಮಾತನ್ನು ಹಿಡಿಯುತ್ತಾರೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಅದೂ ಹೋಗುತ್ತದೆ. ಮಕ್ಕಳ ದನಿ ಎಲ್ಲಕ್ಕಿಂತ ಕಷ್ಟ, ಆದ್ದರಿಂದ ಮಗು ಹೇಳಿದ್ದನ್ನು ಪಕ್ಕದಲ್ಲಿರುವ ದೊಡ್ಡವರು ಮತ್ತೊಮ್ಮೆ ಹೇಳಲಿ. ಆಯಿ ಕಿವಿಗೆ ಸಾಧನ ಹಾಕಿಕೊಳ್ಳುತ್ತಾರೆಯೇ? ಮೊಬೈಲಿನಲ್ಲಿ ನೋಡುತ್ತಾರೆಯೇ, ಟಿ.ವಿ.ಯಲ್ಲಿಯೇ?

ಬ್ರಹ್ಮಪುರ ಗಲ್ಲಿ, ಕಲಬುರಗಿ

ಬಲಗಿವಿಗೆ ಒಂದಿದೆ, ಹಾಕಿಕೊಳ್ಳುವುದು ಮಾತ್ರ ಅವಳ ಮನಸ್ಸು ಬಂದಾಗ. ಈ ಸಲ ಟಿ.ವಿ.ಯಲ್ಲಿ ಹಾಕಿ ತೋರಿಸುತ್ತೇನೆ ಎಂದು ಅತ್ತೆ ಹೇಳಿದ್ದಾಳೆ. ಆಯಿ ಕನ್ನಡ ಓದುತ್ತಾಳೆ, ದೊಡ್ಡ ಅಕ್ಷರವಾದರೆ ಒಂದೊಂದಾಗಿ ಜೋಡಿಸಿಕೊಂಡು.

ಮದುವೆ ಕ್ಯಾಮೆರಾ, ಹುಮನಾಬಾದ್

ಹಾಗಾದರೆ ಆಡಿದ ಮಾತನ್ನೆಲ್ಲ ಅಕ್ಷರದಲ್ಲಿ ಹಾಕಬೇಡಿ, ಓದುವುದರಲ್ಲಿ ಮುಖ ನೋಡುವುದು ತಪ್ಪುತ್ತದೆ. "ಶಾಂತಾನ ಕಿರಿ ಮಗ" ಎಂಬಂತೆ ಎರಡು ಮೂರು ಪದ, ಪರದೆಯ ಕೆಳಗೆ, ತುಣುಕು ಮುಗಿಯುವವರೆಗೂ ಇರಲಿ. ಟಿ.ವಿ. ಎಂದಮೇಲೆ ಮೊಬೈಲನ್ನು ಅಡ್ಡ ಹಿಡಿದೇ ತೆಗೆಯಬೇಕು. ಯಾರಾದರೂ ಉದ್ದ ಹಿಡಿದು ಕಳುಹಿಸಿದರೆ ಮತ್ತೆ ಕೇಳಿ ಜಗಳವಾಡಬೇಡಿ, ಅಂಥ ಎರಡನ್ನು ಅಕ್ಕಪಕ್ಕ ಇಟ್ಟುಬಿಡಿ, ಒಬ್ಬರು ಮಾತನಾಡುವಾಗ ಇನ್ನೊಬ್ಬರ ಚಿತ್ರ ನಿಂತಿರಲಿ.

ಎಲ್ಲರೂ ಮಾಡುವ ಒಂದು ತಪ್ಪಿದೆ. ಮಾತಿನ ಕೊನೆಯ ಅಕ್ಷರ ಬಾಯಿಂದ ಬೀಳುವ ಮೊದಲೇ ಕೈ ಮುಂದೆ ಬಂದು ರೆಕಾರ್ಡಿಂಗ್ ನಿಲ್ಲಿಸುತ್ತದೆ. ಜೋಡಿಸಿದಾಗ ಒಬ್ಬರ ಬಾಯಿಗೆ ಇನ್ನೊಬ್ಬರು ಬಾಯಿ ಹಾಕಿದಂತೆ ಕಾಣುತ್ತದೆ. ಮಾತು ಮುಗಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತ ಲೆನ್ಸನ್ನೇ ನೋಡುತ್ತಿರಿ ಎಂದು ಪ್ರತಿ ಸಂದೇಶದಲ್ಲೂ ಬರೆಯಿರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಿರಿಯರು ವಿಡಿಯೊಗೆ ಉತ್ತರ ಕೊಡುತ್ತಾರೆ. ನಮ್ಮ ಗಿರಾಕಿಯೊಬ್ಬರ ತಾಯಿ ನೋಡುವಾಗ ನಾನು ಪಕ್ಕದಲ್ಲಿದ್ದೆ. "ಆರಾಮ ಇದ್ದಿಯೇನು?" ಎಂದು ಮೊಮ್ಮಗಳು ಪರದೆಯಲ್ಲಿ ಕೇಳಿದಳು. ಅವರು "ಹೂಂ ಕೂಸೇ, ಮೊಣಕಾಲು ಒಂದು..." ಎನ್ನುವಷ್ಟರಲ್ಲಿ ಮುಂದಿನವನು ಬಂದುಬಿಟ್ಟ. ಅಂದಿನಿಂದ ತುಣುಕು ತುಣುಕಿನ ನಡುವೆ ಮೂರು ಸೆಕೆಂಡು ಬಿಡುತ್ತೇನೆ, ಮಾತನಾಡಿದವರು ಸುಮ್ಮನೆ ನೋಡುತ್ತಿರುತ್ತಾರೆ.

ಚಿತ್ತಾಪುರ ಚಹಾ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂಲರ್ ಬಂದ್ ಮಾಡಿ ಐದರವರೆಗೆ ಎಣಿಸುವುದೆಂದರೆ ತಪಸ್ಸು.

ಮದುವೆ ಕ್ಯಾಮೆರಾ, ಹುಮನಾಬಾದ್

ಅದಕ್ಕೇ ಬೆಳಗಿನ ಆರೂವರೆ ಎಂದದ್ದು. ಕೂಲರಿನ ಸದ್ದು ಮನೆಯಲ್ಲಿರುವವರ ಕಿವಿಗೆ ಬೀಳುವುದಿಲ್ಲ, ವಿಡಿಯೊದಲ್ಲಿ ಮಾತ್ರ ಹಿಟ್ಟಿನ ಗಿರಣಿಯಲ್ಲಿ ನಿಂತಂತೆ ಕೇಳುತ್ತದೆ. ಅದನ್ನು ಆಮೇಲೆ ತೆಗೆಯಲು ಹೋದರೆ, ಬೀದರಿನವರು ಹೇಳಿದ ಆ ತೆಳು ಸದ್ದುಗಳೇ ಅದರ ಜೊತೆ ಹೋಗುತ್ತವೆ. ಮೊಬೈಲು ಒಂದು ಕೈಯಳತೆಗಿಂತ ದೂರ ಇರಬಾರದು.

ತೊಗರಿ ಕಣಜ, ಆಳಂದ

ಡಾಕ್ಯುಮೆಂಟಿನ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ವಂದನೆಗಳು. ಆದರೆ ಲೆಕ್ಕ ನೋಡಿ. 27 ಜನ, ತಲಾ 15 ಸೆಕೆಂಡು ಎಂದರೆ 6 ನಿಮಿಷ 45 ಸೆಕೆಂಡು. ನಡುವೆ 26 ಸಲ ಮೂರು ಸೆಕೆಂಡು ಬಿಟ್ಟರೆ 8 ನಿಮಿಷ ದಾಟುತ್ತದೆ. 80 ವರ್ಷದವರು ಅಷ್ಟು ಹೊತ್ತು ಗಮನವಿಟ್ಟು ಕುಳಿತುಕೊಳ್ಳುತ್ತಾರೆಯೇ?

ಮದುವೆ ಕ್ಯಾಮೆರಾ, ಹುಮನಾಬಾದ್

ಕುಳಿತುಕೊಳ್ಳುತ್ತಾರೆ, ಆದರೆ ಆರನೆಯವರ ಹೊತ್ತಿಗೆ ಮೊದಲನೆಯವರು ಮರೆತುಹೋಗಿರುತ್ತಾರೆ. ತಲೆಗೊಂದು ತುಣುಕು ಬೇಡ, ಮನೆಗೊಂದು ಮಾಡಿ. 27 ಜನ ಎಷ್ಟು ಮನೆಗಳವರು?

ಬ್ರಹ್ಮಪುರ ಗಲ್ಲಿ, ಕಲಬುರಗಿ

11 ಮನೆ.

ಮದುವೆ ಕ್ಯಾಮೆರಾ, ಹುಮನಾಬಾದ್

11 ತುಣುಕು, ತಲಾ 20 ಸೆಕೆಂಡು, ನಡುವಿನ ಬಿಡುವು ಸೇರಿ 4 ನಿಮಿಷ 10 ಸೆಕೆಂಡು. ಮನೆಯಲ್ಲಿ ಒಬ್ಬರೇ ಮಾತನಾಡಲಿ, ಉಳಿದವರು ಹತ್ತಿರ ಕುಳಿತಿರಲಿ.

ಸೇಡಂ ಸೊಸೆ

ಇದನ್ನು ನಾನು ಒಪ್ಪುವುದಿಲ್ಲ. ಒಬ್ಬರೇ ಮಾತನಾಡಲಿ ಎಂದರೆ ಆ ಒಬ್ಬರು ಯಾರಾಗಿರುತ್ತಾರೆಂದು ಎಲ್ಲರಿಗೂ ಗೊತ್ತು. ಮನೆಯ ಗಂಡಸರು ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ, ಆಯಿಯ ಜೊತೆ ಹತ್ತು ವರ್ಷ ಅಡುಗೆಮನೆಯಲ್ಲಿ ರೊಟ್ಟಿ ಬಡಿದ ಸೊಸೆಯಂದಿರು ಹಿಂದೆ ನಿಂತು ನಗುತ್ತಾರೆ. ಆಯಿಗೆ ಹೇಳಲು ಹೆಚ್ಚು ಮಾತಿರುವುದು ಯಾರ ಹತ್ತಿರ?

ಮದುವೆ ಕ್ಯಾಮೆರಾ, ಹುಮನಾಬಾದ್

ಅಕ್ಕಾವರೇ, ನಿಮ್ಮ ಮಾತು ನಿಜ, ನನಗೆ ಹೊಳೆದಿರಲಿಲ್ಲ. ಹಾಗಾದರೆ ಯಾರು ಮಾತನಾಡಬೇಕು ಎಂಬುದನ್ನು ಆಯಾ ಮನೆಗೆ ಬಿಡದೆ ಸ್ಕ್ರಿಪ್ಟಿನಲ್ಲಿಯೇ ಬರೆಯಲಿ. ಎರಡು ಮೂರು ಮನೆಗಳಲ್ಲಿ ಸೊಸೆಯೇ ಮಾತನಾಡಲಿ, ಪ್ರಶ್ನೆಯನ್ನು ಅವರ ಮೊಬೈಲಿಗೇ ಕಳುಹಿಸಬೇಕು.

ಬ್ರಹ್ಮಪುರ ಗಲ್ಲಿ, ಕಲಬುರಗಿ

ನನ್ನ ವೈನಿ ಆಯಿಯ ಹಂಚಿನ ಮೇಲೆಯೇ ಇಂದಿಗೂ ರೊಟ್ಟಿ ಮಾಡುತ್ತಾಳೆ. ಅವಳನ್ನು ಅಲ್ಲಿಯೇ ಕುಳಿತು ಮಾತನಾಡಲು ಕೇಳುತ್ತೇನೆ. ಹಾಡು ಹಾಕಬಾರದೆಂದಾದರೆ, ರೊಟ್ಟಿ ಬಡಿಯುವ ಸದ್ದನ್ನು ತುಣುಕುಗಳ ನಡುವಿನ ಆ ಮೂರು ಸೆಕೆಂಡಿನಲ್ಲಿ ಇಡಬಹುದೇ?

ಕಿವಿಯ ಮಾತು, ಬೀದರ್

ಮಾತಿನ ಕೆಳಗೆ ಬರದಿದ್ದರೆ ಇಡಬಹುದು. ದಪ್ಪ ಸದ್ದು ಅದು, ಅವರಿಗೆ ಚೆನ್ನಾಗಿ ಕೇಳುತ್ತದೆ.

ಮದುವೆ ಕ್ಯಾಮೆರಾ, ಹುಮನಾಬಾದ್

ಪ್ರತಿ ಬಿಡುವಿನಲ್ಲೂ ಬೇಡ, ಅವರು ಉತ್ತರ ಕೊಡುವ ಹೊತ್ತು ಅದು. ಆರಂಭದಲ್ಲಿ ಒಂದು ಸಲ, ನಡುವೆ ಒಂದು ಸಲ ಸಾಕು. ಈಗ ಕ್ರಮದ ಮಾತಿಗೆ ಬನ್ನಿ. ಮೊದಲು ಯಾರು? ನನ್ನ ಅನುಭವದಲ್ಲಿ ಜಗಳ ಹುಟ್ಟುವುದು ಅಲ್ಲಿಯೇ.

ಬ್ರಹ್ಮಪುರ ಗಲ್ಲಿ, ಕಲಬುರಗಿ

ಹುಟ್ಟಿಯಾಗಿದೆ. ದೊಡ್ಡಪ್ಪ ಮತ್ತು ಕಾಕಾ ಹೊಲದ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ಮೂರು ವರ್ಷವಾಯಿತು. ದೊಡ್ಡಪ್ಪ ಮೊದಲು ಬಂದರೆ ಕಾಕಾ ತಮ್ಮ ತುಣುಕನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಕಾಕಾ ಮೊದಲು ಬಂದರೆ ಹಿರಿಯತನದ ಪ್ರಶ್ನೆ.

ಮದುವೆ ಕ್ಯಾಮೆರಾ, ಹುಮನಾಬಾದ್

ವಯಸ್ಸಿನ ಕ್ರಮ ಬಿಟ್ಟುಬಿಡಿ, ದಾರಿಯ ಕ್ರಮ ಹಿಡಿಯಿರಿ. ಆಯಿ ಬಸ್ಸು ಹತ್ತಿ ಊರಿಂದ ಊರಿಗೆ ಹೊರಟಂತೆ ಮಾಡಿ. ಅವರ ತವರು ಯಾವುದು? ಅಲ್ಲಿಂದ ಆರಂಭಿಸಿ ಕಲಬುರಗಿಗೆ ಬನ್ನಿ, ಅಲ್ಲಿಂದ ದೂರದ ಊರುಗಳು, ಕೊನೆಗೆ ಅತ್ತೆಯ ಮನೆಯ ಬಾಗಿಲು. ಪ್ರತಿ ಮನೆಯವರೂ ಕೊನೆಯಲ್ಲಿ "ಈಗ ಇಂಥವರ ಮನಿಗಿ ಹೋಗು" ಎಂದು ಮುಂದಿನವರ ಹೆಸರು ಹೇಳಿ ಕಳುಹಿಸಲಿ. ಯಾರು ಬರುತ್ತಾರೆಂದು ಮೊದಲೇ ಗೊತ್ತಾಗುವುದರಿಂದ ಆಯಿಗೂ ಗುರುತು ಹಿಡಿಯುವುದು ಸುಲಭ. ದಾರಿಯಲ್ಲಿ ಮೊದಲು ಸಿಕ್ಕ ಊರು ಮೊದಲು ಬಂತು ಎಂದರೆ ಯಾರೂ ಮುನಿಸಿಕೊಳ್ಳಲಾರರು. ದೊಡ್ಡಪ್ಪ ಕಾಕಾ ನಡುವೆ ಒಂದು ಊರು ಬರುವಂತೆ ನೋಡಿಕೊಳ್ಳಿ, ಒಬ್ಬರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವ ಪ್ರಸಂಗ ಬರುವುದಿಲ್ಲ.

ನಿವೃತ್ತ ಮೇಷ್ಟ್ರು, ಶಹಾಪುರ

ತವರಿನಿಂದ ಆರಂಭಿಸುವ ಯೋಚನೆ ಬಹಳ ಉಚಿತವಾಗಿದೆ.

ಬ್ರಹ್ಮಪುರ ಗಲ್ಲಿ, ಕಲಬುರಗಿ

ಉಚಿತವಾಗಿದೆ, ಆದರೆ ಅಲ್ಲಿಯೇ ನನ್ನ ಕೈ ನಿಂತಿದೆ. ಇದನ್ನು ಮೊದಲೇ ಹೇಳಬೇಕಿತ್ತು.

ಆಯಿಯ ತವರು ಸುರಪುರ. ಅಲ್ಲಿ ಅವಳ ಅಣ್ಣನಿದ್ದರು, ನಾವೆಲ್ಲ ಸುರಪುರದ ಮುತ್ಯಾ ಎನ್ನುತ್ತಿದ್ದೆವು. ಸಂಕ್ರಾಂತಿಯಾದ ವಾರಕ್ಕೆ ಅವರು ತೀರಿಕೊಂಡರು. ಆಯಿಗೆ ಆ ಹೊತ್ತಿಗೆ ಹೃದಯದ ಚಿಕಿತ್ಸೆಯಾಗಿ ಹದಿನೈದು ದಿನವಾಗಿತ್ತು, ಆದ್ದರಿಂದ ಅವಳಿಗೆ ಇನ್ನೂ ಹೇಳಿಲ್ಲ. ಮೊದಲು ತಿಂಗಳು ಕಳೆಯಲಿ ಎಂದರು, ಆಮೇಲೆ ಚಳಿ ಕಳೆಯಲಿ ಎಂದರು. ಫೋನಿನಲ್ಲಿ ಕೇಳಿದಾಗಲೆಲ್ಲ ಹೊಲಕ್ಕೆ ಹೋಗಿದ್ದಾರೆ, ಕಿವಿ ಕೇಳುವುದಿಲ್ಲ ಎಂದು ಏನೋ ಹೇಳಿ ಸಾಗಿಸಿದ್ದೇವೆ. 27 ತುಣುಕುಗಳಲ್ಲಿ ಅವರದ್ದಿಲ್ಲ. ನಮ್ಮ ಆಯಿ ಮದುವೆಯ ಫೋಟೊ ಕೈಗೆ ಕೊಟ್ಟರೂ ಮೊದಲು ಯಾರಿಲ್ಲ ಎಂದು ಎಣಿಸುವವಳು. ಹೋದ ದಸರೆಯಲ್ಲಿ ತೆಗೆದ ಅವರ ವಿಡಿಯೊ ಒಂದು ನನ್ನ ಹತ್ತಿರ ಇದೆ. "ತಂಗಿ, ಆರಾಮ ಇರು" ಎಂದಿದ್ದಾರೆ, ಆರು ಸೆಕೆಂಡು. ಅದನ್ನು ಮೊದಲಿಗೆ ಇಡೋಣ ಎಂದು ಕಾಕಾ ಹೇಳುತ್ತಿದ್ದಾರೆ.

ತೊಗರಿ ಕಣಜ, ಆಳಂದ

ಇಟ್ಟುಬಿಡಿ. ಹುಟ್ಟುಹಬ್ಬದ ದಿನ ಆ ಸುದ್ದಿ ತಿಳಿಯುವುದು ಬೇಡ. ಹೃದಯದ ವಿಷಯ.

ಗುರುಮಠಕಲ್ ಅಕ್ಕ

ದಯವಿಟ್ಟು ಇಡಬೇಡಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಅವ್ವ ಅಕ್ಕನ ಬಾಣಂತನಕ್ಕೆಂದು ಪರದೇಶಕ್ಕೆ ಹೋಗಿದ್ದಾಗ ಇಲ್ಲಿ ನಮ್ಮ ಚಿಕ್ಕಮ್ಮ ಹೋದರು. ಅವ್ವ ಒಬ್ಬಳೇ ತಿರುಗಿ ಬರಲಾರಳು ಎಂದು ಯಾರೂ ಹೇಳಲಿಲ್ಲ, ಅವಳ ಹುಟ್ಟುಹಬ್ಬದ ವಿಡಿಯೊದಲ್ಲಿ ಚಿಕ್ಕಮ್ಮನ ಹಳೆಯ ತುಣುಕನ್ನು ಸೇರಿಸಿದೆವು. ನಾಲ್ಕು ತಿಂಗಳ ಮೇಲೆ ಅವ್ವ ಬಂದಳು, ತಿಳಿಯಿತು. ಸಾವನ್ನು ಮುಚ್ಚಿಟ್ಟದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ. "ಸತ್ತಾಕಿ ಕೈಲೆ ನನಗ ಹರಕಿ ಕೊಡಿಸಿದ್ರಿ, ನಾ ಅಕಿಗಿ ಹೂಂ ಅಂದೆ" ಎಂದು ಮಾತ್ರ ಇಂದಿಗೂ ಅನ್ನುತ್ತಾಳೆ. ಆ ವಿಡಿಯೊವನ್ನು ಅವಳ ಮೊಬೈಲಿನಿಂದ ತೆಗೆದುಹಾಕಿಸಿದಳು, ಅದರಲ್ಲಿದ್ದ ಮೊಮ್ಮಕ್ಕಳ ಸಮೇತ.

ತೊಗರಿ ಕಣಜ, ಆಳಂದ

ಅಕ್ಕಾವರೇ, ನಿಮ್ಮ ನೋವು ತಿಳಿಯುತ್ತದೆ. ಆದರೆ ನಿಮ್ಮ ಅವ್ವನವರಿಗೆ ಹೃದಯದ ತೊಂದರೆ ಇರಲಿಲ್ಲ.

ಗುರುಮಠಕಲ್ ಅಕ್ಕ

ಇರಲಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ಅವರ ಮನೆಯವರು ಮತ್ತು ಡಾಕ್ಟರು ನೋಡಿಕೊಳ್ಳಲಿ, ನಾನು ಅದರ ಬಗ್ಗೆ ಹೇಳುತ್ತಿಲ್ಲ. ಸುಮ್ಮನಿರುವುದು ಬೇರೆ, ಹೋದವರ ಬಾಯಿಂದ ಮಾತನಾಡಿಸುವುದು ಬೇರೆ.

ಮದುವೆ ಕ್ಯಾಮೆರಾ, ಹುಮನಾಬಾದ್

ಇಂಥದ್ದನ್ನು ನಾನು ಒಂದು ಸಲ ಮಾಡಿಕೊಟ್ಟಿದ್ದೇನೆ, ಈಗ ಮಾಡುವುದಿಲ್ಲ. ಒಬ್ಬರನ್ನು ಬಿಟ್ಟರೆ ಎಣಿಸುವವರಿಗೆ ತಿಳಿಯುತ್ತದೆ ಎಂಬುದೂ ನಿಜ. ಮಧ್ಯದ ದಾರಿ ಎಂದರೆ, 11 ಮನೆಗಳನ್ನೂ ತೋರಿಸದಿರುವುದು. ನಾಲ್ಕೈದು ಮನೆಗಳ ತುಣುಕನ್ನು ಬೇರೆಯಾಗಿಟ್ಟು ದಿನಕ್ಕೊಂದರಂತೆ ಆಮೇಲೆ ಕಳುಹಿಸಿದರೆ, ಬಾರದವರು ಇನ್ನೂ ಬರಲಿದ್ದಾರೆ ಎಂದು ಅನ್ನಿಸುತ್ತದೆ. ಆದರೆ ತವರನ್ನೇ ಬಾಕಿ ಇಟ್ಟರೆ ಅವರು ಮೊದಲು ಕೇಳುವುದು ಅದನ್ನೇ, ಮತ್ತು ಇದೂ ಒಂದು ರೀತಿಯ ಸಾಗಹಾಕುವಿಕೆಯೇ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ತಿಳಿಯದು.

ಸೇಡಂ ಸೊಸೆ

ಆಯಿಯ ಜೊತೆಯಲ್ಲಿ ಇರುವವರು ನಿಮ್ಮ ಅತ್ತೆ. ವಿಡಿಯೊ ಮುಗಿದ ಮೇಲೆ "ಅಣ್ಣ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರೂ ಅವರೇ. ಅವರನ್ನು ಕೇಳದೆ ಏನನ್ನೂ ಜೋಡಿಸಬೇಡಿ.

ಬ್ರಹ್ಮಪುರ ಗಲ್ಲಿ, ಕಲಬುರಗಿ

ನಿನ್ನೆ ರಾತ್ರಿ ಅತ್ತೆಯೊಂದಿಗೆ ಮಾತನಾಡಿದೆ. ಬಹಳ ಹೊತ್ತು ಸುಮ್ಮನಿದ್ದಳು. ಹಳೆಯ ತುಣುಕನ್ನು ಹಾಕುವುದು ಬೇಡ ಎಂಬುದು ಮಾತ್ರ ನಿಶ್ಚಯವಾಯಿತು. ಮೇ ಎರಡನೆಯ ವಾರ ಡಾಕ್ಟರ ಭೇಟಿ ಇದೆ, ಅವರು ಒಪ್ಪಿದರೆ ಹುಟ್ಟುಹಬ್ಬಕ್ಕೆ ಮೊದಲೇ ತಾನೇ ಹೇಳುತ್ತೇನೆ, ಒಪ್ಪದಿದ್ದರೆ ಏನು ಮಾಡುವುದೆಂದು ಗೊತ್ತಿಲ್ಲ ಎಂದಳು. ಕಾಕಾ ಇನ್ನೂ ಒಪ್ಪಿಲ್ಲ, ಆ ಆರು ಸೆಕೆಂಡು ಇಲ್ಲದಿದ್ದರೆ ವಿಡಿಯೊವೇ ಬೇಡ ಎನ್ನುತ್ತಿದ್ದಾರೆ.

ಮದುವೆ ಕ್ಯಾಮೆರಾ, ಹುಮನಾಬಾದ್

ಹಾಗಾದರೆ ಸುರಪುರದ ಜಾಗವನ್ನು ಖಾಲಿ ಇಟ್ಟುಕೊಂಡು ಎರಡನೆಯ ಮನೆಯಿಂದ ಜೋಡಿಸುತ್ತ ಹೋಗಿ. ತವರಿನ ಮನೆಯ ಬಾಗಿಲು, ಕಟ್ಟೆ, ಬೇವಿನ ಮರ ಏನಿದೆಯೋ ಅದನ್ನು ಮನುಷ್ಯರಿಲ್ಲದೆ ಎಂಟು ಸೆಕೆಂಡು ತೆಗೆಸಿ ಇಟ್ಟಿರಿ. ಎರಡರಲ್ಲಿ ಯಾವುದಾದರೂ ಅದು ಉಪಯೋಗಕ್ಕೆ ಬರುತ್ತದೆ. ಅತ್ತೆ ಹೇಳಿಬಿಟ್ಟರೆ ಆ ಮನೆಯ ಸೊಸೆಯೇ ಮಾತನಾಡಬಹುದು. ಇನ್ನೊಂದು, ಮೇ 25ರೊಳಗೆ ಕಡತವನ್ನು ಅತ್ತೆಗೆ ಕಳುಹಿಸಿ ಅದೇ ಟಿ.ವಿ.ಯಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು ಒಮ್ಮೆ ನೋಡಲು ಹೇಳಿ. ಟಿ.ವಿ.ಯ ದನಿ ಮೊಬೈಲಿನ ದನಿಯಂತೆ ಇರುವುದಿಲ್ಲ, ತಿದ್ದಲು ಒಂದು ವಾರವಾದರೂ ಬೇಕು.

ಚಿತ್ತಾಪುರ ಚಹಾ

ದೊಡ್ಡಪ್ಪನವರ ನಿಂಬೆ ಗಿಡ ಏನಾಯಿತು?

ಬ್ರಹ್ಮಪುರ ಗಲ್ಲಿ, ಕಲಬುರಗಿ

ಇಂದು ಬೆಳಿಗ್ಗೆ ಆರೂವರೆಗೆ ಸರಿಯಾಗಿ ತೆಗೆದು ಕಳುಹಿಸಿದ್ದಾರೆ, ಅಡ್ಡ ಹಿಡಿದು, ಡಾಕ್ಯುಮೆಂಟ್ ಮಾಡಿ. ಕಾಯಿ ಕೈಯಲ್ಲಿದೆ, ಮುಖದ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿದೆ. "ಅವ್ವಾ, ನಿಂಬಿ ಗಿಡ ನೋಡು" ಎಂದವರು ಅಲ್ಲಿಗೇ ಮಾತು ನಿಲ್ಲಿಸಿ, ಗಿಡದ ಕಡೆ ತಿರುಗಿ, ಹತ್ತು ಸೆಕೆಂಡು ಏನೂ ಹೇಳದೆ ನಿಂತಿದ್ದಾರೆ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಆಯುರಾರೋಗ್ಯ ಐಶ್ವರ್ಯವನ್ನು ಹಾರೈಸಿದ್ದಾರೆ. ಒಟ್ಟು 52 ಸೆಕೆಂಡು. ಎಲ್ಲಿ ಕತ್ತರಿಸುವುದೆಂದು ನೋಡುತ್ತ ಕುಳಿತಿದ್ದೇನೆ.

ಮದುವೆ ಕ್ಯಾಮೆರಾ, ಹುಮನಾಬಾದ್

ಆ ಹತ್ತು ಸೆಕೆಂಡಿಗೆ ಕೈ ಹಚ್ಚಬೇಡಿ. ಐಶ್ವರ್ಯವನ್ನು ತೆಗೆಯಿರಿ.